ರಿಸ್ಕ್ ರಿಜಿಸ್ಟರ್: ಬರೆದಿಟ್ಟರೆ ಸಾಲದು, ಮಾಡಿ ನೋಡಬೇಕು

2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಎಂಬ ಕಂಪನಿಯ ಎಂಜಿನಿಯರ್ ಒಬ್ಬರು ಡೇಟಾಬೇಸ್ ಸರ್ವರ್ ದುರಸ್ತಿಯಲ್ಲಿ ತೊಡಗಿದ್ದರು. ಪ್ರಪಂಚದ ನಾನಾ ಕಡೆಯ ಪ್ರೋಗ್ರಾಮರ್‌ಗಳು ತಮ್ಮ ಕೋಡನ್ನೂ ಕೆಲಸದ ಪಟ್ಟಿಗಳನ್ನೂ ಇಟ್ಟುಕೊಳ್ಳುವ ಜಾಗ ಗಿಟ್‌ಲ್ಯಾಬ್. ಅಲ್ಲಿ ಎರಡು ಡೇಟಾಬೇಸ್ ಸರ್ವರ್‌ಗಳಿದ್ದವು. ಒಂದು ಮುಖ್ಯವಾದದ್ದು, ಇನ್ನೊಂದು ಅದನ್ನು ನೋಡಿಕೊಂಡು ನಕಲು ಮಾಡುತ್ತಾ ಹೋಗುವಂಥದ್ದು. ಆ ಸಂಜೆ ಕೆಲಸದ ಒತ್ತಡ ಹೆಚ್ಚಾಗಿ ನಕಲು ಸರ್ವರ್ ಹಿಂದೆ ಬಿದ್ದಿತ್ತು. ಅದರಲ್ಲಿದ್ದದ್ದನ್ನು ಅಳಿಸಿ ಮೊದಲಿನಿಂದ ತುಂಬಿಸೋಣವೆಂದು ಎಂಜಿನಿಯರ್ ಹೊರಟರು. ಅಳಿಸುವ ಕಮಾಂಡ್ ಓಡಿದ್ದು ಮಾತ್ರ ಮುಖ್ಯ ಸರ್ವರ್ ಮೇಲೆ. ಒಂದೆರಡು ಸೆಕೆಂಡಿನಲ್ಲೇ ಗೊತ್ತಾಗಿ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಜಿಬಿ ಡೇಟಾದಲ್ಲಿ ಉಳಿದದ್ದು 4.5 ಜಿಬಿ.

ಇಂಥ ತಪ್ಪು ಯಾರಿಂದಲೂ ಆದೀತು. ಅದಕ್ಕೇ ಬ್ಯಾಕಪ್ ಇರುವುದು. ದಿನಕ್ಕೊಮ್ಮೆ `pg_dump` ಎಂಬ ಕಮಾಂಡ್ ಡೇಟಾಬೇಸಿನ ಪ್ರತಿ ತೆಗೆದು ಅಮೆಜಾನ್‌ನ ಸಂಗ್ರಹಕ್ಕೆ ಕಳಿಸುವ ವ್ಯವಸ್ಥೆ ಅಲ್ಲಿತ್ತು. ಹೋಗಿ ನೋಡಿದರೆ ಸಂಗ್ರಹ ಖಾಲಿ. ಡೇಟಾಬೇಸ್ ಓಡುತ್ತಿದ್ದದ್ದು 9.6ನೇ ಆವೃತ್ತಿಯಲ್ಲಿ, ಬ್ಯಾಕಪ್ ಕಮಾಂಡ್ ಓಡುತ್ತಿದ್ದದ್ದು 9.2ರಲ್ಲಿ. ಎರಡಕ್ಕೂ ಹೊಂದಿಕೆಯಾಗದೆ ಪ್ರತಿ ಬಾರಿಯೂ ಅದು ಎರರ್ ಕೊಟ್ಟು ನಿಂತುಬಿಡುತ್ತಿತ್ತು. ಎರರ್ ಬಂದಾಗ ಇಮೇಲ್ ಹೋಗಬೇಕಿತ್ತು. ಆ ಇಮೇಲ್‌ಗಳಿಗೆ ಬೇಕಾದ ದೃಢೀಕರಣದ ಸಹಿ ಇಲ್ಲದ್ದರಿಂದ ತಲುಪಬೇಕಾದ ಕಡೆ ಅವು ತಿರಸ್ಕೃತವಾಗುತ್ತಿದ್ದವು. ಕೊನೆಗೆ ಕೈಹಿಡಿದದ್ದು ಒಂದು ಆಕಸ್ಮಿಕ. ಅದೇ ಎಂಜಿನಿಯರ್ ಸುಮಾರು ಆರು ಗಂಟೆ ಮೊದಲು ಬೇರೊಂದು ಕೆಲಸಕ್ಕೆಂದು ಕೈಯಾರೆ ತೆಗೆದಿಟ್ಟ ಸ್ನ್ಯಾಪ್‌ಶಾಟ್ ಇತ್ತು. ಅದರಿಂದಲೇ ಎಲ್ಲವನ್ನೂ ಮರಳಿ ತುಂಬಿಸಿದರು. ತಾಣ ಮತ್ತೆ ತೆರೆದದ್ದು ಮರುದಿನ ಸಂಜೆ. ನಡುವಿನ ಆರು ಗಂಟೆಯಲ್ಲಿ ಬಳಕೆದಾರರು ಸೇರಿಸಿದ್ದ ಮಾಹಿತಿ ಮಾತ್ರ ಹೋದದ್ದು ಹೋಯಿತು.

ಆಮೇಲೆ ಕಂಪನಿ ಈ ಘಟನೆಯ ವಿವರವಾದ ವರದಿಯನ್ನು ತಾನೇ ಪ್ರಕಟಿಸಿತು. ಅಂಥ ಪ್ರಾಮಾಣಿಕ ವರದಿಗಳು ಅಪರೂಪ. ಅದರಲ್ಲಿ ಒಂದರ ಹಿಂದೊಂದು ಏಕೆ ಏಕೆ ಎಂದು ಕೇಳುತ್ತಾ ಹೋಗುವ ಭಾಗವಿದೆ. ಬ್ಯಾಕಪ್‌ಗಳನ್ನು ನಿಯಮಿತವಾಗಿ ಏಕೆ ಪರೀಕ್ಷಿಸುತ್ತಿರಲಿಲ್ಲ ಎಂಬ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರ ಇಷ್ಟೇ: ಅದಕ್ಕೆ ಯಾರೂ ಹೊಣೆಗಾರರಿರಲಿಲ್ಲ.

ಬ್ಯಾಕಪ್ ಕೈಕೊಡಬಹುದು ಎಂಬುದು ಯಾರ ತಲೆಗೂ ಹೊಳೆಯದ ಅಪಾಯವಲ್ಲ. ಯಾವ ಕಂಪನಿಯ ಪಟ್ಟಿಯನ್ನು ತೆರೆದರೂ ಮೊದಲ ಹತ್ತು ಸಾಲುಗಳಲ್ಲಿ ಅದು ಇದ್ದೇ ಇರುತ್ತದೆ. ಇಂಥ ಪಟ್ಟಿಯನ್ನು ರಿಸ್ಕ್ ರಿಜಿಸ್ಟರ್ ಅನ್ನುತ್ತಾರೆ. ಮುಂದೆ ಏನೇನು ಕೆಡಬಹುದು, ಅದರ ಹೊಣೆ ಯಾರದು, ಆಗುವ ಸಂಭವ ಎಷ್ಟು, ಆದರೆ ಪೆಟ್ಟು ಎಷ್ಟು, ಮತ್ತೆ ಯಾವಾಗ ನೋಡಬೇಕು ಎಂದು ಬರೆದಿಡುವ ದಾಖಲೆ ಅದು. ಸರ್ಕಾರಿ ಯೋಜನೆ, ಆಸ್ಪತ್ರೆ, ಬ್ಯಾಂಕು, ಸಾಫ್ಟ್‌ವೇರ್ ತಂಡ ಎಲ್ಲ ಕಡೆಯೂ ಇದು ಇರುತ್ತದೆ. ಹೆಚ್ಚಿನ ಕಡೆ ಪ್ರಾಜೆಕ್ಟ್ ಶುರುವಾದ ವಾರದಲ್ಲಿ ಎಕ್ಸೆಲ್ ಹಾಳೆಯೊಂದರಲ್ಲಿ ಹುಟ್ಟಿ, ಆಡಿಟ್ ಬಂದಾಗ ಒಮ್ಮೆ ಕಣ್ಣು ತೆರೆದು, ಮತ್ತೆ ಮಲಗಿಬಿಡುತ್ತದೆ. ಸಾಲುಗಳು ಇರುತ್ತವೆ, ಬಣ್ಣಗಳು ಇರುತ್ತವೆ, ಪರಿಶೀಲನೆಯ ದಿನಾಂಕ ಕೂಡ ಇರುತ್ತದೆ. ಆ ದಿನ ಬಂದಾಗ ಏನು ಮಾಡಬೇಕು ಎಂಬುದೊಂದು ಇರುವುದಿಲ್ಲ. ಪಟ್ಟಿ ಸಾಯುವುದು ಅಲ್ಲಿ.

ಗಿಟ್‌ಲ್ಯಾಬ್‌ನ ಆ ಅಪಾಯವನ್ನೇ ತೆಗೆದುಕೊಂಡು, ಘಟನೆಗೆ ಮೂರು ತಿಂಗಳು ಮೊದಲು ಅದು ಒಂದು ಟ್ರ್ಯಾಕರ್‌ನಲ್ಲಿ ಸಾಲಾಗಿ ಇದ್ದಿದ್ದರೆ ಹೇಗೆ ನಡೆಯುತ್ತಿತ್ತು ಎಂದು ನೋಡೋಣ. ಇನ್ನು ಮುಂದೆ ಬರುವ ಸಾಲು, ಅಂಕ, 2016ರ ದಿನಾಂಕಗಳು ನನ್ನ ಕಲ್ಪನೆ. ಕೆಟ್ಟದ್ದು ಏನು ಎಂಬುದು ಮಾತ್ರ ವರದಿಯಲ್ಲಿ ಇರುವಂಥದ್ದು.

ಟ್ರ್ಯಾಕರ್ ಎಂದರೆ ತಂಡದ ಕೆಲಸಗಳನ್ನು ಒಂದೊಂದು ಟಿಕೆಟ್ ಮಾಡಿ, ಯಾರ ಹೆಸರಿಗಿದೆ, ಎಲ್ಲಿಗೆ ಬಂತು ಎಂದು ನೋಡಿಕೊಳ್ಳುವ ವ್ಯವಸ್ಥೆ. ಜಿರಾ ಅಂಥದ್ದು, ಗಿಟ್‌ಲ್ಯಾಬ್‌ನಲ್ಲೇ ಇರುವ ಇಶ್ಯೂಗಳ ಪಟ್ಟಿಯೂ ಅಂಥದ್ದೇ. ಅಪಾಯಗಳನ್ನು ಬೇರೆ ಹಾಳೆಯಲ್ಲಿಡದೆ ಇದರಲ್ಲೇ ಇಡಬೇಕು ಅನ್ನುವುದಕ್ಕೆ ಕಾರಣ ಸರಳ. ಜನ ದಿನವೂ ಬೆಳಿಗ್ಗೆ ತೆರೆಯುವುದು ಟ್ರ್ಯಾಕರ್ ಅನ್ನು. ಅಪಾಯ ತಗ್ಗಿಸಲು ಮಾಡುವ ಕೆಲಸವೂ ಅಲ್ಲೇ ಟಿಕೆಟ್ ಆಗಿರುತ್ತದೆ, ಎರಡಕ್ಕೂ ಕೊಂಡಿ ಹಾಕಬಹುದು. ಯಾರು ಯಾವಾಗ ಏನು ಬದಲಿಸಿದರು ಎಂಬುದು ತಾನಾಗಿ ದಾಖಲಾಗುತ್ತದೆ. ಎಕ್ಸೆಲ್ ಹಾಳೆಯಲ್ಲಿ ನಿನ್ನೆಯ 4 ಇವತ್ತು 2 ಆದರೆ, ಅದು ಏಕೆ ಇಳಿಯಿತು ಎಂದು ಕೇಳುವವರಿರುವುದಿಲ್ಲ.

ಮೊದಲ ಕೆಲಸ ಟಿಕೆಟ್ಟಿನ ತಲೆಬರಹ. ನಾನು ನೋಡಿದ ಎಷ್ಟೋ ಪಟ್ಟಿಗಳಲ್ಲಿ ಇದು ‘ಬ್ಯಾಕಪ್’ ಎಂಬ ಒಂದೇ ಪದವಾಗಿರುತ್ತದೆ. ಅದು ವಿಷಯದ ಹೆಸರಾಯಿತೇ ಹೊರತು ಅಪಾಯವಾಗಲಿಲ್ಲ. ಇನ್ನು ಕೆಲವು ಕಡೆ ‘ಬ್ಯಾಕಪ್ ಫೇಲ್ ಆಗುತ್ತಿದೆ’ ಎಂದಿರುತ್ತದೆ. ಈಗಾಗಲೇ ಆಗುತ್ತಿರುವುದು ಅಪಾಯವಲ್ಲ, ಅದು ಸಮಸ್ಯೆ. ಅದನ್ನು ಇವತ್ತೇ ಸರಿಪಡಿಸಬೇಕು, ಅದಕ್ಕೆ ಸಂಭವದ ಅಂಕ ಹಾಕುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ಅಪಾಯವನ್ನು ಬರೆಯುವಾಗ ಕಾರಣ, ಘಟನೆ, ಪರಿಣಾಮ ಮೂರೂ ಒಂದು ವಾಕ್ಯದಲ್ಲಿ ಬರಬೇಕು. ನಮ್ಮ ಸಾಲನ್ನು ಹೀಗೆ ಬರೆಯೋಣ: ‘ಬ್ಯಾಕಪ್ ಫೈಲಿನಿಂದ ಡೇಟಾಬೇಸನ್ನು ಮರಳಿ ಕಟ್ಟಿ ನೋಡಿದವರಿಲ್ಲದ ಕಾರಣ, ಮುಖ್ಯ ಡೇಟಾಬೇಸ್ ಅಳಿದ ದಿನ ಅದನ್ನು ಮರಳಿ ಪಡೆಯಲಾಗದೆ, ಬಳಕೆದಾರರ ಮಾಹಿತಿ ಶಾಶ್ವತವಾಗಿ ಹೋಗಬಹುದು.’ ವಾಕ್ಯ ಉದ್ದವಾಯಿತು, ಆದರೆ ಅದನ್ನು ಓದಿದವನಿಗೆ ಏನು ಮಾಡಬೇಕೆಂಬುದು ಅದರಲ್ಲೇ ಸಿಗುತ್ತದೆ. ಮೊದಲ ತುಂಡನ್ನು ನೋಡಿ: ಮರಳಿ ಕಟ್ಟಿ ನೋಡಿದವರಿಲ್ಲ. ಹಾಗಾದರೆ ಕಟ್ಟಿ ನೋಡಬೇಕು.

ಡೇಟಾಬೇಸ್ ಹೇಗೆ ಅಳಿಯಬಹುದು ಎಂಬುದನ್ನು ಈ ಸಾಲು ಹೇಳುವುದಿಲ್ಲ ಎಂಬುದನ್ನೂ ಗಮನಿಸಬೇಕು. ರಾತ್ರಿ ಹನ್ನೊಂದರ ಮೇಲೆ ದಣಿದ ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಕಮಾಂಡ್ ಓಡಿಸುತ್ತಾರೆ ಎಂದು ಯಾವ ರಿಜಿಸ್ಟರ್ ಕೂಡ ಮೊದಲೇ ಹೇಳಲಾರದು. ಡಿಸ್ಕ್ ಸುಡಬಹುದು, ಸಾಫ್ಟ್‌ವೇರ್ ದೋಷ ಬರಬಹುದು, ಯಾರಾದರೂ ಒಳನುಗ್ಗಬಹುದು. ಶುರುವಾಗುವ ದಾರಿಗಳನ್ನು ಎಣಿಸಿ ಮುಗಿಸಲಾಗುವುದಿಲ್ಲ. ಆದರೆ ಅವೆಲ್ಲ ಬಂದು ಸೇರುವ ಜಾಗ ಒಂದೇ, ಮರಳಿ ಪಡೆಯಲಾಗದಿರುವುದು. ರಿಜಿಸ್ಟರ್ ಹಿಡಿಯಬಲ್ಲದ್ದು ಅದನ್ನು. ದಾರಿಗೊಂದು ಸಾಲು ಬರೆದರೆ ಪಟ್ಟಿ ನೂರೈವತ್ತಕ್ಕೆ ಬೆಳೆದು ಯಾರೂ ಓದದಂತಾಗುತ್ತದೆ.

ಎರಡನೆಯದು ಹೊಣೆಗಾರ. ಟ್ರ್ಯಾಕರ್‌ನ ಆ ಕಾಲಂನಲ್ಲಿ ಒಬ್ಬ ವ್ಯಕ್ತಿಯ ಹೆಸರೇ ಇರಬೇಕು. ‘ಇನ್ಫ್ರಾ ಟೀಮ್’ ಎಂದು ಬರೆದರೆ ಆ ಟೀಮಿನ ಪ್ರತಿಯೊಬ್ಬರೂ ಪಕ್ಕದವರು ನೋಡಿಕೊಳ್ಳುತ್ತಾರೆ ಅಂದುಕೊಳ್ಳುತ್ತಾರೆ. ಯಾರ ಹೆಸರು ಅನ್ನುವುದೂ ಮುಖ್ಯ. ಬ್ಯಾಕಪ್ ಸ್ಕ್ರಿಪ್ಟ್ ಬರೆದ ಹುಡುಗನ ಹೆಸರು ಹಾಕುವುದು ಸುಲಭ, ಆದರೆ ಪರೀಕ್ಷೆಗೆ ಬೇರೆ ಸರ್ವರ್ ಬೇಕೆಂದರೆ ಹಣ ಮಂಜೂರು ಮಾಡಿಸುವ, ಎರಡು ದಿನ ಬೇರೆ ಕೆಲಸ ನಿಲ್ಲಿಸುವ ಅಧಿಕಾರ ಅವನಿಗಿರುವುದಿಲ್ಲ. ಅಪಾಯ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡಗಳು ಹೊಣೆಗಾರನಿಗೆ ಉತ್ತರದಾಯಿತ್ವದ ಜೊತೆಗೆ ಅಧಿಕಾರವೂ ಇರಬೇಕು ಎನ್ನುತ್ತವೆ. ಬ್ರಿಟನ್ನಿನಲ್ಲಿ ಬೆಳೆದ ಪ್ರಿನ್ಸ್2 ಎಂಬ ಯೋಜನಾ ಪದ್ಧತಿ ಇದನ್ನು ಇನ್ನೂ ಬಿಡಿಸುತ್ತದೆ: ಅಪಾಯಕ್ಕೆ ಉತ್ತರಿಸುವವರು ಒಬ್ಬರು, ಅದನ್ನು ತಗ್ಗಿಸುವ ಕೆಲಸ ಮಾಡುವವರು ಇನ್ನೊಬ್ಬರು. ಟ್ರ್ಯಾಕರ್‌ನಲ್ಲಿ ಇದು ಸಹಜವಾಗಿ ಕೂರುತ್ತದೆ. ಅಪಾಯದ ಟಿಕೆಟ್ ಡೇಟಾಬೇಸ್ ವಿಭಾಗದ ಮುಖ್ಯಸ್ಥರ ಹೆಸರಿಗೆ, ಅದಕ್ಕೆ ಕೊಂಡಿ ಹಾಕಿದ ಕೆಲಸದ ಟಿಕೆಟ್ ಆ ಹುಡುಗನ ಹೆಸರಿಗೆ.

ಹೊಣೆಗಾರರು ಕೆಲಸ ಬಿಟ್ಟು ಹೋದಾಗ ಆಗುವ ಎಡವಟ್ಟು ತುಂಬ ಸಾಮಾನ್ಯ, ಕಣ್ಣಿಗೆ ಬೀಳುವುದು ಮಾತ್ರ ಕಡಿಮೆ. ಖಾತೆ ಮುಚ್ಚಿದ ಮೇಲೂ ಟಿಕೆಟ್ ಮೇಲೆ ಅವರ ಹೆಸರು ಹಾಗೇ ಉಳಿಯುತ್ತದೆ. ಪಟ್ಟಿ ನೋಡಿದವರಿಗೆ ಎಲ್ಲ ಸಾಲುಗಳಿಗೂ ಹೊಣೆಗಾರರಿದ್ದಾರೆ ಅನಿಸುತ್ತದೆ, ಆದರೆ ನೆನಪೋಲೆ ಹೋಗುವುದು ಯಾರೂ ತೆರೆಯದ ಇಮೇಲ್ ಪೆಟ್ಟಿಗೆಗೆ. ಲ್ಯಾಪ್‌ಟಾಪ್ ವಾಪಸು ಕೊಟ್ಟರೇ, ಐಡಿ ಕಾರ್ಡ್ ಕೊಟ್ಟರೇ ಎಂದು ಕೇಳುವ ಕೊನೆಯ ದಿನದ ಪಟ್ಟಿಯಲ್ಲಿ ‘ಹೆಸರಿನಲ್ಲಿದ್ದ ಅಪಾಯಗಳು ಯಾರಿಗೆ ಹೋದವು’ ಎಂಬ ಸಾಲೂ ಇರಬೇಕು. ಹೊಸಬರು ತಾವೇ ಟಿಕೆಟ್ ತೆರೆದು ಒಪ್ಪಿಕೊಂಡೆ ಎಂದು ಬರೆಯಲಿ. ತಮ್ಮ ಹೆಸರಿಗೆ ಬಂದಿದೆ ಎಂದೇ ಗೊತ್ತಿಲ್ಲದ ಹೊಣೆಗಾರರು ಇರುವುದೂ ಇಲ್ಲದಿರುವುದೂ ಒಂದೇ.

ಈಗ ಅಂಕಗಳು. ರೂಢಿಯಲ್ಲಿರುವುದು ಸಂಭವಕ್ಕೆ 1ರಿಂದ 5, ಪರಿಣಾಮಕ್ಕೆ 1ರಿಂದ 5, ಎರಡನ್ನೂ ಗುಣಿಸಿ ಬಂದದ್ದು ಒಟ್ಟು ಅಂಕ. ಕೂತಲ್ಲೇ ‘ಮೂರು ಇರಲಿ’ ಎಂದು ಹಾಕಿದ ಅಂಕಕ್ಕೆ ಬೆಲೆಯಿಲ್ಲ. ಒಂದೊಂದು ಅಂಕಕ್ಕೂ ಅಳೆಯಬಹುದಾದ ಅರ್ಥ ಇರಬೇಕು. ಪರಿಣಾಮಕ್ಕೆ ಇದು ಕಷ್ಟವಲ್ಲ. ಸೇವೆ ಒಂದು ಗಂಟೆಯೊಳಗೆ ಸರಿಹೋದರೆ 2, ಅರ್ಧ ದಿನ ನಿಂತರೆ 3, ಅರ್ಧ ದಿನ ಮೀರಿದರೆ 4, ಬಳಕೆದಾರರ ಮಾಹಿತಿ ಮರಳಿ ಬಾರದಂತೆ ಹೋದರೆ 5 ಎಂದು ತಂಡ ಒಪ್ಪಿಕೊಳ್ಳಬಹುದು. ಆಸ್ಪತ್ರೆಗೆ ಅಥವಾ ಬ್ಯಾಂಕಿಗೆ ಈ ಗೆರೆಗಳು ಬೇರೆ ಇರುತ್ತವೆ.

ಸಂಭವದ್ದು ಕಷ್ಟ. ನಮ್ಮ ಡೇಟಾಬೇಸ್ ಮುಂದಿನ ಮೂರು ತಿಂಗಳಲ್ಲಿ ಅಳಿಯುತ್ತದೆಯೇ ಎಂದು ಯಾರು ಹೇಳಬಲ್ಲರು? ಹಾಗೆ ಕೇಳಿದರೆ ಎಲ್ಲರೂ ‘ಇದುವರೆಗೆ ಆಗಿಲ್ಲವಲ್ಲ’ ಎಂದು 1 ಹಾಕುತ್ತಾರೆ. ಇಂಥ ಅಪಾಯಗಳಿಗೆ ಪ್ರಶ್ನೆಯನ್ನೇ ಬದಲಿಸಬೇಕು ಎಂಬುದು ನನ್ನ ಅಭಿಪ್ರಾಯ. ರಕ್ಷಣೆ ಕೆಲಸ ಮಾಡುತ್ತದೆ ಎಂಬುದಕ್ಕೆ ಕೊನೆಯ ಸಾಕ್ಷ್ಯ ಸಿಕ್ಕಿದ್ದು ಯಾವಾಗ? ಕಳೆದ ಒಂದು ತಿಂಗಳೊಳಗೆ ಬ್ಯಾಕಪ್ಪಿನಿಂದ ಡೇಟಾಬೇಸ್ ಕಟ್ಟಿ ನೋಡಿದ್ದರೆ 2, ಆರು ತಿಂಗಳಾಗಿದ್ದರೆ 3, ಎಂದೂ ಮಾಡಿ ನೋಡಿಲ್ಲದಿದ್ದರೆ 4. ಮಾಡಿ ನೋಡಿ ವಿಫಲವಾಗಿದ್ದರೆ 5. ಹೀಗೆ ಕಟ್ಟಿದ ಅಳತೆಗೋಲಿಗೆ ಒಂದು ಒಳ್ಳೆಯ ಗುಣವಿದೆ. ಯಾರೂ ಏನೂ ಮಾಡದೆ ಸುಮ್ಮನಿದ್ದರೆ ಅಂಕ ತಾನಾಗಿ ಏರುತ್ತಾ ಹೋಗುತ್ತದೆ. ಸತ್ತ ರಿಜಿಸ್ಟರ್‌ಗಳಲ್ಲಿ ಆಗುವುದು ಇದರ ತದ್ವಿರುದ್ಧ, ವರ್ಷ ಕಳೆದರೂ ಮೊದಲ ದಿನದ ಹಸಿರು ಬಣ್ಣ ಹಸಿರಾಗಿಯೇ ಇರುತ್ತದೆ.

ಗುಣಾಕಾರದ ಬಗ್ಗೆಯೂ ಎಚ್ಚರ ಬೇಕು. ಸಂಭವ 5, ಪರಿಣಾಮ 1 ಇರುವ ದಿನನಿತ್ಯದ ಕಿರಿಕಿರಿಗೂ, ಸಂಭವ 1, ಪರಿಣಾಮ 5 ಇರುವ ಸರ್ವನಾಶಕ್ಕೂ ಲೆಕ್ಕದಲ್ಲಿ ಬರುವುದು 5. ಈ 1, 2, 3ಗಳು ಕ್ರಮವನ್ನು ಹೇಳುವ ಗುರುತುಗಳೇ ಹೊರತು ಕಿಲೋ, ಮೀಟರಿನಂಥ ಅಳತೆಗಳಲ್ಲ. ಹಾಗಾಗಿ ಗುಣಿಸಿ ಬಂದ 12 ಎಂಬುದು 6ರ ಎರಡು ಪಟ್ಟು ಅಪಾಯ ಎಂದರ್ಥವಲ್ಲ. ಲೂಯಿಸ್ ಆಂಥನಿ ಕಾಕ್ಸ್ ಎಂಬ ವಿದ್ವಾಂಸರು 2008ರಲ್ಲಿ ಇಂಥ ಕೋಷ್ಟಕಗಳ ದೋಷಗಳನ್ನು ಗಣಿತದ ಮೂಲಕವೇ ತೋರಿಸಿದರು. ಕೆಲವು ಸಂದರ್ಭಗಳಲ್ಲಿ ಅವು ದೊಡ್ಡ ಅಪಾಯವನ್ನು ಚಿಕ್ಕದರ ಕೆಳಗೆ ಕೂರಿಸಿಬಿಡುತ್ತವೆ. ಅದಕ್ಕಾಗಿ ಅಂಕಗಳನ್ನೇ ಬಿಟ್ಟುಬಿಡಬೇಕಿಲ್ಲ. ಪರಿಣಾಮ 5 ಇರುವ ಯಾವ ಸಾಲನ್ನೂ ಒಟ್ಟು ಅಂಕ ಕಡಿಮೆ ಎಂಬ ಕಾರಣಕ್ಕೆ ಪಟ್ಟಿಯ ತಳಕ್ಕೆ ತಳ್ಳುವುದಿಲ್ಲ ಎಂಬ ಒಂದು ನಿಯಮ ಇಟ್ಟುಕೊಂಡರೆ ದೊಡ್ಡ ತಪ್ಪು ತಪ್ಪುತ್ತದೆ.

ನಮ್ಮ ಸಾಲಿಗೆ ಸಂಭವ 4, ಪರಿಣಾಮ 5. ಇನ್ನು ಪರಿಶೀಲನೆಯ ದಿನಾಂಕ.

ಸಾಮಾನ್ಯವಾಗಿ ಎಲ್ಲ ಸಾಲುಗಳಿಗೂ ಒಂದೇ ದಿನಾಂಕ ಇರುತ್ತದೆ, ಮೂರು ತಿಂಗಳ ಕೊನೆಯದು. ಆ ದಿನ ನಲವತ್ತು ಸಾಲುಗಳನ್ನು ಒಂದು ಗಂಟೆಯಲ್ಲಿ ಓದಬೇಕು. ಒಂದೊಂದಕ್ಕೆ ಸಿಗುವುದು ಒಂದೂವರೆ ನಿಮಿಷ. ‘ಪರಿಶೀಲಿಸಲಾಗಿದೆ, ಬದಲಾವಣೆ ಇಲ್ಲ’ ಎಂದು ಬರೆದು ಮುಂದಿನ ಸಾಲಿಗೆ ಹೋಗುವುದಷ್ಟೇ ಆ ಸಮಯದಲ್ಲಿ ಸಾಧ್ಯ. ಬೇರೆ ರೀತಿ ಮಾಡಬಹುದು. ದಿನಾಂಕದ ಪಕ್ಕದಲ್ಲೇ ಇನ್ನೊಂದು ಕಾಲಂ ಇಟ್ಟು, ಅದಕ್ಕೆ ‘ಆ ದಿನ ಮಾಡಿ ನೋಡುವುದು’ ಎಂದು ಹೆಸರಿಡಿ. ಅಲ್ಲಿ ಬರೆಯುವ ಕೆಲಸ ಮುಗಿದಾಗ ಅಂಕ ಬದಲಾಗಲು ಅವಕಾಶ ಇರಬೇಕು. ‘ಬ್ಯಾಕಪ್ ಸರಿಯಿದೆಯೇ ಎಂದು ತಂಡವನ್ನು ಕೇಳುವುದು’ ಎಂಬುದಕ್ಕೆ ಯಾವಾಗಲೂ ಹೌದು ಎಂಬ ಉತ್ತರವೇ ಬರುತ್ತದೆ. ‘ನಿನ್ನೆಯ ಬ್ಯಾಕಪ್ ಫೈಲನ್ನು ಸಂಗ್ರಹದಿಂದ ಇಳಿಸಿಕೊಂಡು, ಖಾಲಿ ಸರ್ವರ್‌ನಲ್ಲಿ ಡೇಟಾಬೇಸ್ ಕಟ್ಟಿ, ಬಳಕೆದಾರರ ಸಂಖ್ಯೆ ನಿನ್ನೆಯದಕ್ಕೆ ಹೊಂದುತ್ತದೆಯೇ ಎಣಿಸಿ, ಎಷ್ಟು ಗಂಟೆ ಹಿಡಿಯಿತು ಬರೆಯುವುದು’ ಎಂಬುದು ಪರೀಕ್ಷೆ. ಅದು ಸೋಲಬಹುದು. ಸೋಲಬಹುದಾದ್ದರಿಂದಲೇ ಅದನ್ನು ಗೆದ್ದಾಗ ನಂಬಬಹುದು.

2016ರ ನವೆಂಬರ್ 7, ಸೋಮವಾರ. ಮೊದಲ ಪರಿಶೀಲನೆ. ಎಂಜಿನಿಯರ್ ಸಂಗ್ರಹ ತೆರೆಯುತ್ತಾರೆ, ಅಲ್ಲಿ ಫೈಲೇ ಇಲ್ಲ. ಇದನ್ನು ಕಂಡುಕೊಳ್ಳಲು ಐದು ನಿಮಿಷ ಸಾಕು. ಸಂಭವ 4ರಿಂದ 5ಕ್ಕೆ ಏರುತ್ತದೆ. ಜೊತೆಗೆ ಎರಡು ಸಮಸ್ಯೆಗಳ ಟಿಕೆಟ್ ಹುಟ್ಟುತ್ತವೆ, ಆವೃತ್ತಿ ಸರಿಪಡಿಸುವುದು ಒಂದು, ಎರರ್ ಬಂದರೆ ತಿಳಿಯುವ ದಾರಿ ಸರಿಪಡಿಸುವುದು ಇನ್ನೊಂದು. ಎರಡೂ ಈಗ ತುರ್ತು ಕೆಲಸಗಳು, ಅಪಾಯದ ಟಿಕೆಟ್ಟಿಗೆ ಕೊಂಡಿಯಾಗಿವೆ. ಮುಂದಿನ ದಿನಾಂಕ ಮೂರು ತಿಂಗಳಾಚೆಗೆ ಹೋಗುವುದಿಲ್ಲ. ಸಂಭವ 5, ಪರಿಣಾಮ 5 ಇರುವ ಸಾಲಿಗೆ ಎರಡು ವಾರ.

ನವೆಂಬರ್ 21. ಎರಡೂ ಕೆಲಸಗಳು ಮುಗಿದಿವೆ. ಇಲ್ಲೇ ಬಹಳ ತಂಡಗಳು ಎಡವುತ್ತವೆ. ಕೆಲಸದ ಟಿಕೆಟ್ ಮುಚ್ಚಿತೆಂದು ಅಪಾಯವನ್ನೂ ಮುಚ್ಚಿಬಿಡುತ್ತಾರೆ, ಅಥವಾ ಅಂಕವನ್ನು ಒಮ್ಮೆಗೇ 1ಕ್ಕೆ ಇಳಿಸುತ್ತಾರೆ. ಕೆಲಸ ಮುಗಿಯುವುದು ಬೇರೆ, ಅದರಿಂದ ಅಪಾಯ ತಗ್ಗುವುದು ಬೇರೆ. ಅಪಾಯ ತಗ್ಗಿದ್ದಕ್ಕೆ ಸಾಕ್ಷ್ಯ ಅದೇ ಪರೀಕ್ಷೆಯಿಂದ ಬರಬೇಕು. ಈ ಬಾರಿ ಫೈಲ್ ಇದೆ, ಡೇಟಾಬೇಸ್ ಕಟ್ಟಲೂ ಬಂತು, ಎಣಿಕೆ ಹೊಂದಿತು. ಸಂಭವ 2. ಆದರೆ ಪರೀಕ್ಷೆ ಇನ್ನೊಂದು ಸಂಗತಿಯನ್ನು ಹೊರಗೆ ತಂದಿದೆ, ಡೇಟಾ ಮರಳಿ ತುಂಬಲು ಹಿಡಿದ ಸಮಯ. ನಿಜವಾದ ಘಟನೆಯಲ್ಲಿ ನಿಧಾನದ ಡಿಸ್ಕ್‌ಗಳಿಂದಾಗಿ ನಕಲಿಸುವುದಕ್ಕೇ ಸುಮಾರು 18 ಗಂಟೆ ಬೇಕಾಯಿತು. ಹೀಗೆ ಗಂಟೆಗಟ್ಟಲೆ ತಾಣ ಮುಚ್ಚಿರುವುದೇ ಒಂದು ಪೆಟ್ಟು. ಮಾಹಿತಿ ಶಾಶ್ವತವಾಗಿ ಹೋಗುವ 5ರಿಂದ ಪರಿಣಾಮ 4ಕ್ಕೆ ಇಳಿಯುತ್ತದೆ, ಅದಕ್ಕಿಂತ ಕೆಳಗೆ ಇಳಿಸಲು ಆಗುವುದಿಲ್ಲ. ಅದರ ಮೇಲೆ ದಿನಕ್ಕೊಂದೇ ಬ್ಯಾಕಪ್ ಇದ್ದರೆ ಕೆಟ್ಟ ಗಳಿಗೆಯಲ್ಲಿ 24 ಗಂಟೆಯ ಮಾಹಿತಿ ಹೋಗಬಹುದು ಎಂಬ ಪ್ರಶ್ನೆಯೂ ಈಗ ಎದ್ದಿದೆ. ಅದು ಇದೇ ಸಾಲಿಗೆ ಸೇರುವ ಮಾತಲ್ಲ, ಅದಕ್ಕೆ ಬೇರೆ ಸಾಲು, ಬೇರೆ ಹೊಣೆಗಾರರು, ಬೇರೆ ಅಂಕ.

ಡಿಸೆಂಬರ್ 19. ಮೂರನೆಯ ಪರಿಶೀಲನೆಗೆ ಯಾರೂ ಕೂರಬೇಕಿಲ್ಲ. ಅದೇ ಪರೀಕ್ಷೆಯನ್ನು ರಾತ್ರಿ ತಾನಾಗಿ ಓಡುವಂತೆ ಮಾಡಿದ್ದಾರೆ, ಫಲಿತಾಂಶ ಟಿಕೆಟ್ಟಿಗೆ ಬಂದು ಕೂರುತ್ತದೆ. ಹೊಣೆಗಾರರು ಕೊನೆಯ ಕೆಲವು ಫಲಿತಾಂಶಗಳನ್ನು ನೋಡಿ, ಅಂಕ 2 ಎಂದು ಉಳಿಸಿ, ಮುಂದಿನ ದಿನಾಂಕವನ್ನು ಮಾರ್ಚ್‌ಗೆ ಹಾಕುತ್ತಾರೆ. ಜನವರಿ 31ರ ರಾತ್ರಿ ತಪ್ಪು ಸರ್ವರ್ ಮೇಲೆ ಕಮಾಂಡ್ ಓಡುವುದು ಇದರಿಂದ ತಪ್ಪುತ್ತಿರಲಿಲ್ಲ. ಬ್ಯಾಕಪ್ ಎಲ್ಲಿದೆ, ಮರಳಿ ತುಂಬಲು ಎಷ್ಟು ಹೊತ್ತು ಬೇಕು ಎಂಬುದು ಮಾತ್ರ ಆ ರಾತ್ರಿ ಎಲ್ಲರಿಗೂ ಗೊತ್ತಿರುತ್ತಿತ್ತು. ಘಟನೆಯ ನಂತರ ಗಿಟ್‌ಲ್ಯಾಬ್ ಕೈಗೊಂಡ ಕ್ರಮಗಳ ಪಟ್ಟಿಯಲ್ಲಿ ಇವೇ ಇದ್ದವು: ಡೇಟಾ ಉಳಿವಿಗೆ ಒಬ್ಬ ಹೊಣೆಗಾರರನ್ನು ನೇಮಿಸುವುದು, ಬ್ಯಾಕಪ್ ಮರಳಿ ಪಡೆಯುವುದನ್ನು ಯಂತ್ರವೇ ಪರೀಕ್ಷಿಸುವಂತೆ ಮಾಡುವುದು, ಯಾವ ಸರ್ವರ್‌ನಲ್ಲಿದ್ದೇವೆ ಎಂಬುದು ಪರದೆಯ ಮೇಲೆ ಸ್ಪಷ್ಟವಾಗಿ ಕಾಣುವಂತೆ ಮಾಡುವುದು.

ಇಷ್ಟನ್ನು ನಡೆಸಲು ಟ್ರ್ಯಾಕರ್‌ನಿಂದ ಬೇಕಾದ ಸಹಾಯ ಸ್ವಲ್ಪವೇ. ಜಿರಾದಲ್ಲಾದರೆ ಅಪಾಯಗಳಿಗೆ ಒಂದು ಪ್ರತ್ಯೇಕ ಪ್ರಾಜೆಕ್ಟ್ ಮಾಡಿ, `Review date` ಎಂಬ ದಿನಾಂಕದ ಕಾಲಂ ಸೇರಿಸಿಕೊಂಡರೆ, ಈ ಒಂದು ಹುಡುಕಾಟ ಮುಂದಿನ ಏಳು ದಿನಗಳಲ್ಲಿ ಗಡುವು ಬರುವ ಸಾಲುಗಳನ್ನೂ, ಗಡುವು ದಾಟಿದವನ್ನೂ ಒಟ್ಟಿಗೆ ತೋರಿಸುತ್ತದೆ:

```
project = RISK AND statusCategory != Done
AND "Review date" <= 7d ORDER BY "Review date"
```

ಇನ್ನೊಂದು ಹುಡುಕಾಟ ಅನಾಥವಾದ ಸಾಲುಗಳಿಗೆ. ಹೊಣೆಗಾರರಿಲ್ಲದವು, ದಿನಾಂಕ ಖಾಲಿಯಿರುವವು ಇದರಲ್ಲಿ ಸಿಕ್ಕಿಬೀಳುತ್ತವೆ:

```
project = RISK AND statusCategory != Done
AND (assignee is EMPTY OR "Review date" is EMPTY)
```

ಮೊದಲನೆಯದರ ಫಲಿತಾಂಶ ಸೋಮವಾರ ಬೆಳಿಗ್ಗೆ ಆಯಾ ಹೊಣೆಗಾರರಿಗೆ ತಾನಾಗಿ ಹೋಗಲಿ. ಎರಡನೆಯದು ಪಟ್ಟಿಯನ್ನು ಒಟ್ಟಾರೆ ನೋಡಿಕೊಳ್ಳುವವರಿಗೆ. ಅದು ಯಾವಾಗಲೂ ಖಾಲಿ ಇರಬೇಕು. ದಿನಾಂಕಗಳು ಸಾಲಿನಿಂದ ಸಾಲಿಗೆ ಬೇರೆ ಇರುವುದರಿಂದ ವಾರಕ್ಕೆ ಎರಡೋ ಮೂರೋ ಸಾಲು ಮಾತ್ರ ಎದುರು ಬರುತ್ತವೆ. ನಲವತ್ತು ಸಾಲುಗಳ ಆ ದೊಡ್ಡ ಸಭೆಯ ಬದಲು ವಾರದ ಮಾಮೂಲಿ ಸಭೆಯಲ್ಲೇ ಹತ್ತು ನಿಮಿಷ ಸಾಕಾಗುತ್ತದೆ. ಆ ಹತ್ತು ನಿಮಿಷದಲ್ಲಿ ಅಪಾಯದ ವಿವರಣೆಯನ್ನು ಓದುವ ಅಗತ್ಯವಿಲ್ಲ. ಮಾಡಿ ನೋಡಿದಿರಾ, ಏನು ಕಂಡಿತು, ಅಂಕ ಬದಲಾಯಿತೇ ಎಂದು ಕೇಳಿದರಾಯಿತು. ಮಾಡಿ ನೋಡಿಲ್ಲವೆಂದರೆ ಆ ಸಾಲಿನ ಚರ್ಚೆ ಅಲ್ಲಿಗೆ ಮುಗಿಯಿತು. ಅದಕ್ಕೆ ಬೇಕಾದ ಸಮಯ ಏಕೆ ಸಿಗಲಿಲ್ಲ ಎಂಬುದಷ್ಟೇ ಮಾತಾಡಬೇಕಾದ ವಿಷಯ.

ಪಟ್ಟಿ ಸಾಯತೊಡಗಿದೆ ಎಂದು ತಿಳಿಯುವುದು ಹೇಗೆ? ಗಡುವು ದಾಟಿದ ಸಾಲುಗಳು ಹೆಚ್ಚಿದರೆ ಯಾರಿಗಾದರೂ ಗೊತ್ತಾಗುತ್ತದೆ. ಅದಕ್ಕಿಂತ ಗಾಬರಿಪಡಬೇಕಾದದ್ದು ಒಂದೂ ಗಡುವು ದಾಟದ, ಒಂದೂ ಅಂಕ ಬದಲಾಗದ ಪಟ್ಟಿ ಕಂಡರೆ. ಟಿಕೆಟ್ಟಿನ ಇತಿಹಾಸದ ಪುಟವನ್ನು ತೆರೆದು ನೋಡಿ. ಪರಿಶೀಲನೆಯ ದಿನಾಂಕ ಮಾರ್ಚ್‌ನಿಂದ ಜೂನ್‌ಗೆ, ಜೂನ್‌ನಿಂದ ಸೆಪ್ಟೆಂಬರ್‌ಗೆ ಸರಿಯುತ್ತಾ ಹೋಗಿದೆ, ಅದರ ಹೊರತು ಬೇರೇನೂ ಬದಲಾಗಿಲ್ಲ ಎಂದರೆ ಹೊಣೆಗಾರರು ನೆನಪೋಲೆಯ ಕಾಟ ತಪ್ಪಿಸಿಕೊಳ್ಳುತ್ತಿದ್ದಾರೆ, ಅಷ್ಟೇ. ಇದನ್ನು ತಡೆಯಲು ಹಲವು ತಂಡಗಳು ಒಂದು ಕಟ್ಟು ಹಾಕಿಕೊಳ್ಳುತ್ತವೆ. ಏನು ಮಾಡಿ ನೋಡಿದೆವು, ಏನು ಕಂಡಿತು ಎಂದು ಟಿಕೆಟ್ಟಿನಲ್ಲಿ ಬರೆಯದೆ ದಿನಾಂಕ ಮುಂದೂಡುವಂತಿಲ್ಲ. ಎರಡೇ ವಾಕ್ಯ ಸಾಕು, ಪರೀಕ್ಷೆಯ ಫಲಿತಾಂಶ ಜೊತೆಗಿರಬೇಕು.

ಅಂಕ ಏರಿಸಿದವರನ್ನು ತಂಡ ಹೇಗೆ ನಡೆಸಿಕೊಳ್ಳುತ್ತದೆ ಎಂಬುದರ ಮೇಲೂ ಇದೆಲ್ಲ ನಿಂತಿದೆ. ನವೆಂಬರ್ 7ರಂದು ಸಂಗ್ರಹ ಖಾಲಿ ಎಂದು ಹೇಳಿದ ಎಂಜಿನಿಯರ್‌ಗೆ ‘ಇಷ್ಟು ದಿನ ಏನು ಮಾಡುತ್ತಿದ್ದಿರಿ’ ಎಂಬ ಪ್ರಶ್ನೆ ಬಂದರೆ, ಮುಂದಿನ ಪರಿಶೀಲನೆಗಳಲ್ಲಿ ಕೆಟ್ಟ ಸುದ್ದಿ ಬರುವುದಿಲ್ಲ. ಮೇಲಿನವರು ಹಸಿರನ್ನು ಹೊಗಳಿ ಕೆಂಪನ್ನು ಗದರುವ ಕಚೇರಿಗಳಲ್ಲಿ ಪಟ್ಟಿಯೆಲ್ಲ ಹಸಿರಾಗುವುದಕ್ಕೆ ಹೆಚ್ಚು ಕಾಲ ಬೇಕಾಗುವುದಿಲ್ಲ. ಇದನ್ನು ಯಾವ ಟ್ರ್ಯಾಕರ್ ಕೂಡ ಸರಿಪಡಿಸಲಾರದು.

ಎಲ್ಲರಿಗೂ ಕಾಣುವ ಟ್ರ್ಯಾಕರ್‌ನಲ್ಲಿ ಇಡಬಾರದ ಸಾಲುಗಳೂ ಇವೆ. ‘ನಮ್ಮ ಪಾವತಿ ಸರ್ವರ್‌ನಲ್ಲಿ ಇಂಥ ದೋಷ ಇನ್ನೂ ತಿದ್ದಿಲ್ಲ’ ಎಂಬುದು ಕಳ್ಳನಿಗೆ ವಿಳಾಸ ಬರೆದುಕೊಟ್ಟಂತೆ. ಅಂಥವನ್ನು ಕೆಲವರಿಗೆ ಮಾತ್ರ ಕಾಣುವಂತೆ ನಿರ್ಬಂಧಿಸಿ, ಆದರೆ ಅದೇ ಹೊಣೆ, ಅದೇ ದಿನಾಂಕಗಳ ಶಿಸ್ತಿನಲ್ಲಿ ಇಡಬೇಕು. ಗುಟ್ಟಿನ ಪಟ್ಟಿಯೆಂದು ಬೇರೆ ಎಕ್ಸೆಲ್ ಹಾಳೆಗೆ ಹೋದ ಸಾಲುಗಳು ಮೊದಲು ಮರೆತುಹೋಗುತ್ತವೆ.

ಕೊನೆಗೊಂದು ಬಗೆಯ ಸಾಲುಗಳು ಉಳಿಯುತ್ತವೆ, ಗೊತ್ತಿದ್ದೂ ಏನೂ ಮಾಡದಿರಲು ತೀರ್ಮಾನಿಸಿದವು. ದಿನಕ್ಕೊಂದೇ ಬ್ಯಾಕಪ್ ಎಂಬ ಆ ಎರಡನೇ ಸಾಲನ್ನೇ ನೋಡಿ. ಗಂಟೆಗೊಮ್ಮೆ ಪ್ರತಿ ತೆಗೆಯಲು ಖರ್ಚು ಹೆಚ್ಚು, ಈ ವರ್ಷ ಬೇಡ ಎನ್ನಬಹುದು. ಅದು ತಪ್ಪಲ್ಲ, ಅಪಾಯವನ್ನು ಒಪ್ಪಿಕೊಳ್ಳುವುದೂ ಒಂದು ಮಾನ್ಯವಾದ ಉತ್ತರ. ಆದರೆ ಒಪ್ಪಿಕೊಂಡವರು ಯಾರು ಎಂಬುದು ಟಿಕೆಟ್ಟಿನಲ್ಲಿ ಇರಬೇಕು, ಮತ್ತು ನಷ್ಟವಾದರೆ ಅದನ್ನು ಹೊರುವ ಮಟ್ಟದವರೇ ಅವರಾಗಿರಬೇಕು. ಬ್ಯಾಕಪ್ ಸ್ಕ್ರಿಪ್ಟ್ ಬರೆಯುವ ಹುಡುಗ ಕಂಪನಿಯ ಪರವಾಗಿ 24 ಗಂಟೆಯ ಮಾಹಿತಿ ನಷ್ಟವನ್ನು ಒಪ್ಪಿಕೊಳ್ಳಲು ಬರುವುದಿಲ್ಲ. ಒಪ್ಪಿಗೆಗೂ ಒಂದು ಕೊನೆಯ ದಿನಾಂಕ ಹಾಕಬೇಕು, ಆರು ತಿಂಗಳು ಅಥವಾ ಒಂದು ವರ್ಷ. ಜೊತೆಗೆ ಯಾವ ಸಂಗತಿ ಬದಲಾದರೆ ಅದಕ್ಕೂ ಮೊದಲೇ ಮತ್ತೆ ಕೇಳಬೇಕು ಎಂಬುದನ್ನೂ ಬರೆಯಬೇಕು: ಬಳಕೆದಾರರು ಎರಡು ಪಟ್ಟಾದರೆ, ದೊಡ್ಡ ಗ್ರಾಹಕರ ಕರಾರಿನಲ್ಲಿ ‘ಒಂದು ಗಂಟೆಗಿಂತ ಹೆಚ್ಚಿನ ಮಾಹಿತಿ ಹೋಗಬಾರದು’ ಎಂಬ ಷರತ್ತು ಬಂದರೆ, ಡೇಟಾಬೇಸಿನ ಆವೃತ್ತಿ ಬದಲಾದರೆ. ಆ ಕರಾರು ಸಹಿಯಾಗುವ ದಿನ ಮಾರಾಟ ವಿಭಾಗದವರಿಗೆ ಈ ಟಿಕೆಟ್ ಇದೆಯೆಂದು ತಿಳಿದಿರುವುದಿಲ್ಲ. ಆದ್ದರಿಂದ ಕರಾರಿನ ಕರಡು ಬಂದಾಗ ಯಾರು ಈ ಟಿಕೆಟ್ ತೆರೆದು ನೋಡಬೇಕು ಎಂಬ ಹೆಸರೂ ಅದರಲ್ಲೇ ಇರಲಿ.